ತೂಗುಬುಟ್ಟಿ ಸಂಜೆಯೊಳಗೆ ಒಣಗದಂತೆ ನಾನು ಕಟ್ಟುವ ಬಗೆ

ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಬೆಳಿಗ್ಗೆ ನೀರು ಹಾಕಿದ ತೂಗುಬುಟ್ಟಿ ಸಂಜೆಗೆ ಹಗುರವಾಗಿ ತಿರುಗುತ್ತಿದ್ದರೆ, ನೀರು ಕಡಿಮೆಯಾಯಿತು ಅಂದುಕೊಳ್ಳಬೇಡಿ. ಬಹಳ ಸಲ ಹಾಕಿದ ನೀರು ಬೇರನ್ನು ಮುಟ್ಟಿಯೇ ಇರುವುದಿಲ್ಲ. ಒಮ್ಮೆ ಪೂರ್ತಿ ಒಣಗಿದ ಕೋಕೋಪೀಟ್ ಕುಗ್ಗಿ ಬುಟ್ಟಿಯ ಒಳಮೈಯಿಂದ ಬಿಟ್ಟುಕೊಳ್ಳುತ್ತದೆ. ಅಂಚಿನಲ್ಲಿ ಉಗುರು ತೂರುವಷ್ಟು ಸಂದಿ ಬೀಳುತ್ತದೆ, ನೀರು ಅದೇ ದಾರಿ ಹಿಡಿದು ಕೆಳಗಿಳಿಯುತ್ತದೆ. ಒಂದು ಮಗ್ ಸುರಿದ ಐದಾರು ಸೆಕೆಂಡಿಗೇ ಧಾರೆ ಕಟ್ಟಿ ಸೋರಿದರೆ, ನಡುವೆ ಬೆರಳಿಟ್ಟು ನೋಡಿ: ಒಳಗೆ ಒಣ ಪುಡಿ ಸಿಗುತ್ತದೆ.

ಇಂಥ ಬುಟ್ಟಿಗೆ ಮೇಲಿಂದ ಎಷ್ಟು ಸುರಿದರೂ ವ್ಯರ್ಥ. ಇಳಿಸಿ, ಅಗಲ ಬಕೆಟ್ಟಿನಲ್ಲಿ ಅಂಚಿನವರೆಗೆ ಮುಳುಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಡುತ್ತೇನೆ. ಸುಮಾರು ಅರ್ಧ ಗಂಟೆ ಬೇಕು. ಆಮೇಲೆ ಸಂದಿಗೆ ಮಿಶ್ರಣ ತುಂಬಿ ಬೆರಳಿನಿಂದ ಒತ್ತುತ್ತೇನೆ.

ಹೊಸದಾಗಿ ಕಟ್ಟುವಾಗ 12 ಇಂಚಿನದ್ದನ್ನೇ ತೆಗೆದುಕೊಳ್ಳಿ. ಆಕಾರ ಒಂದೇ ಆದರೆ 10 ಇಂಚಿನದ್ದಕ್ಕಿಂತ ಅದು ಒಂದೂವರೆ ಪಟ್ಟಿಗೂ ಹೆಚ್ಚು ಮಿಶ್ರಣ ಹಿಡಿಯುತ್ತದೆ. ತೆಂಗಿನ ನಾರಿನ ಪದರ ಚೆಂದ ಕಾಣುತ್ತದೆ, ಆದರೆ ಸುತ್ತಲೂ ಗಾಳಿಯಾಡಿ ಎಲ್ಲ ಕಡೆಯಿಂದಲೂ ತೇವ ಹಾರಿಹೋಗುತ್ತದೆ. ಅದಕ್ಕೇ ಒಳಗೆ ಗೊಬ್ಬರದ ಖಾಲಿ ಚೀಲದ ಪ್ಲಾಸ್ಟಿಕ್ ಹಾಳೆಯನ್ನು ಚೆನ್ನಾಗಿ ತೊಳೆದು ಹಾಸುತ್ತೇನೆ. ತೂತು ತಳದಲ್ಲಿ ಬೇಡ. ತಳದಿಂದ ಒಂದು ಇಂಚು ಮೇಲೆ, ಸುತ್ತ ಆರು ತೂತು, ಪೆನ್ಸಿಲ್ ದಪ್ಪ. ಕೆಳಗೆ ನಿಂತ ಸ್ವಲ್ಪ ನೀರು ಮಧ್ಯಾಹ್ನಕ್ಕೆ ಬೇರಿಗೆ ಸಿಗುತ್ತದೆ. ತೂತೇ ಇಲ್ಲದಿದ್ದರೆ ಮೊದಲ ಮಳೆಗೆ ಬೇರು ಕೊಳೆಯುತ್ತದೆ.

ಮಿಶ್ರಣದಲ್ಲಿ ನಾಲ್ಕು ಪಾಲು ತೊಳೆದ ಕೋಕೋಪೀಟ್, ಮೂರು ಪಾಲು ಎರೆಗೊಬ್ಬರ, ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಪರ್ಲೈಟ್. ತೂಕ ಹೆಚ್ಚುತ್ತದೆಂದು ಮಣ್ಣನ್ನು ಬಿಡುವವರಿದ್ದಾರೆ, ನಾನು ಬಿಡುವುದಿಲ್ಲ. ಒಣಗಿದ ಮೇಲೂ ನೀರನ್ನು ಬೇಗ ಎಳೆದುಕೊಳ್ಳುವುದು ಆ ಮಣ್ಣೇ. ಕೊಕ್ಕೆ ಮಾತ್ರ ಗಟ್ಟಿಯಿರಲಿ. ಮೇಲೆ ಒಂದೂವರೆ ಇಂಚು ಖಾಲಿ ಬಿಡಬೇಕು, ಇಲ್ಲದಿದ್ದರೆ ನೀರು ನಿಲ್ಲದೆ ಅಂಚು ದಾಟುತ್ತದೆ.

ನೀರು ಬೆಳಿಗ್ಗೆ ಏಳರೊಳಗೆ, ಎರಡು ಸುತ್ತು. ಮೊದಲು ಅರ್ಧ ಲೀಟರ್, ಅಂಚಿನಿಂದ ನಡುವಿಗೆ ನಿಧಾನವಾಗಿ. ಹತ್ತು ನಿಮಿಷ ಬಿಟ್ಟು, ತೂತಿನಿಂದ ತೊಟ್ಟಿಕ್ಕುವವರೆಗೆ ಎರಡನೆಯ ಸುತ್ತು. ಮೊದಲ ಸುತ್ತು ಮಿಶ್ರಣವನ್ನು ನೆನೆಸಿ ಉಬ್ಬಿಸುತ್ತದೆ, ಎರಡನೆಯದು ಒಳಗೆ ನಿಲ್ಲುತ್ತದೆ.

ಸಾಕಾಯಿತೇ ಎಂದು ತಿಳಿಯಲು ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಸಾಕು. ತೊಟ್ಟಿಕ್ಕುವುದು ನಿಂತಾಗ ಬುಟ್ಟಿ 6 ಕಿಲೋ ಇದ್ದು, ಸಂಜೆ 5.2 ತೋರಿಸಿದರೆ 800 ಮಿಲಿ ಹೋಗಿದೆ ಎಂದರ್ಥ. ಮರುದಿನ ಅಷ್ಟನ್ನು ತುಂಬಿದರೆ ಆಯಿತು. ಮಧ್ಯಾಹ್ನ ಪೆಟೂನಿಯಾ ಬಾಡಿದಂತೆ ಕಂಡರೂ ಮೊದಲು ತೂಗಿ. ಬುಟ್ಟಿ ಭಾರವಾಗಿಯೇ ಇದ್ದರೆ ಅದು ಬಿಸಿಲಿನ ಬಾಡು, ಸಂಜೆ ತಾನೇ ಎದ್ದು ನಿಲ್ಲುತ್ತದೆ. ಆಗ ಮತ್ತೆ ನೀರು ಹಾಕಿದರೆ ಬೇರು ಕೆಡುತ್ತದೆ.