ಎಷ್ಟಿದ್ದರೆ ಸಾಕು? ನಿಮ್ಮ ಮೊತ್ತವನ್ನು ನೀವೇ ಕಂಡುಕೊಳ್ಳುವ ಬಗೆ

ದುಡಿಯದೆಯೂ ಬದುಕಲು ವಾರ್ಷಿಕ ಖರ್ಚಿನ 25 ಪಟ್ಟು ಹಣ ಸಾಕೆಂಬ ಸೂತ್ರವನ್ನು ಹಲವರು ಕಣ್ಣುಮುಚ್ಚಿ ಬಳಸುತ್ತಾರೆ. ಅವರ ಲೆಕ್ಕ ತಪ್ಪುವುದು ಗುಣಾಕಾರದಲ್ಲಲ್ಲ, ‘ವಾರ್ಷಿಕ ಖರ್ಚು’ ಎಂದು ಬರೆದುಕೊಳ್ಳುವ ಅಂಕಿಯಲ್ಲಿ.

ಮೊದಲು, ಕಳೆದ 12 ತಿಂಗಳಲ್ಲಿ ಎಲ್ಲ ಖಾತೆಗಳಿಂದ ಹೊರಹೋದ ಹಣವನ್ನು ಕೂಡಿಸಿ. ಉಳಿತಾಯಕ್ಕೆ ಹಾಕಿದ್ದನ್ನು ಬಿಡಿ. ನೆನಪಿನಿಂದ ಅಂದಾಜು ಮಾಡಬೇಡಿ.

ಎರಡನೆಯ ಹಂತವೇ ಕಠಿಣ. ಒಬ್ಬರ ಖರ್ಚು 1,440 ಬಂದಿತೆಂದು ಇಟ್ಟುಕೊಳ್ಳೋಣ. ಹಣದ ಘಟಕ ಯಾವುದಾದರೂ ಇರಲಿ. ಅದರಲ್ಲಿ 240 ಸಾಲದ ಕಂತು. ಕಂತು ಆರು ವರ್ಷಗಳಲ್ಲಿ ಮುಗಿಯುವುದರಿಂದ ಅದನ್ನು ಜೀವಮಾನದ ಖರ್ಚೆಂದು ಗುಣಿಸಬಾರದು; ವರ್ಷಕ್ಕೆ 240ರಂತೆ ಉಳಿದ ಆರು ವರ್ಷಗಳ ಕಂತುಗಳ 1,440ನ್ನು ಬೇರೆಯಾಗಿಯೇ ಎತ್ತಿಡಬೇಕು. ಕಚೇರಿಗೆ ಹೋಗಿಬರುವಂಥ, ಕೆಲಸ ಬಿಟ್ಟೊಡನೆ ನಿಲ್ಲುವ ಖರ್ಚು 90 ಕಳೆಯಿರಿ. ಈಗ ಉದ್ಯೋಗದಾತರು ಕಟ್ಟುತ್ತಿರುವ ಆರೋಗ್ಯ ವಿಮೆಯ 60 ಸೇರಿಸಿ. 1,170 ಆಯಿತು. ಹೆಚ್ಚಿನವರು ಮರೆಯುವುದು ಅಪರೂಪಕ್ಕೆ ಬರುವ ದೊಡ್ಡ ಖರ್ಚನ್ನು. ಆ ವರ್ಷ ಇವರು ವಾಹನ ಕೊಳ್ಳಲಿಲ್ಲ, ಮನೆ ರಿಪೇರಿ ಮಾಡಿಸಲಿಲ್ಲ. ಹತ್ತು ವರ್ಷಕ್ಕೊಮ್ಮೆ ವಾಹನಕ್ಕೆ 1,000, ರಿಪೇರಿಗೆ 600 ಬೇಕೆಂದಾದರೆ ವರ್ಷದ ಪಾಲು 160. ಹಣ ಹಿಂತೆಗೆಯುವಾಗ ಬೀಳುವ ತೆರಿಗೆಗೆ 70 ಇಟ್ಟರೆ ಒಟ್ಟು 1,400.

ಈಗ ಪ್ರತಿ ಬಾಬ್ತಿನ ಮುಂದೆಯೂ ‘ಇದಿಲ್ಲದೆ ನಡೆಯುತ್ತದೆಯೇ?’ ಎಂದು ಗುರುತು ಹಾಕಿ. ಖಂಡಿತ ಬೇಕಾದುದು 1,000 ಎಂದು ಬಂದರೆ, ಮಾರುಕಟ್ಟೆ ಕುಸಿದ ವರ್ಷ ಎಷ್ಟು ಇಳಿಯಬಹುದೆಂಬುದು ತಿಳಿಯುತ್ತದೆ. ಆದರೆ ಗುರಿಯನ್ನು 1,400ರ ಮೇಲೆಯೇ ಕಟ್ಟಿ. ಸದಾ ಬಿಗಿಹಿಡಿದು ಬದುಕುವುದಕ್ಕೆ ಸಾಕಾಗುವ ಮೊತ್ತವನ್ನು ನಾನು ‘ಸಾಕು’ ಎನ್ನಲಾರೆ.

ನಂತರ ಗುಣಕ. 25 ಎಂಬುದು ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಿಂದ ಹರಡಿದ್ದು: ಮೊದಲ ವರ್ಷ ಮೊತ್ತದ ಶೇ 4ರಷ್ಟು, ಅಂದರೆ ಇಪ್ಪತ್ತೈದರಲ್ಲಿ ಒಂದು ಪಾಲು ತೆಗೆದು, ಬಳಿಕ ಬೆಲೆಯೇರಿಕೆಗೆ ತಕ್ಕಂತೆ ಹೆಚ್ಚಿಸುತ್ತ ಹೋದರೆ ಹಣ ಕನಿಷ್ಠ 30 ವರ್ಷ ಬಾಳುತ್ತಿತ್ತೇ ಎಂದು ಅಲ್ಲಿನ ಷೇರು ಮತ್ತು ಸರ್ಕಾರಿ ಬಾಂಡುಗಳ ಹಳೆಯ ದಾಖಲೆಗಳ ಮೇಲೆ ಅವರು ಪರೀಕ್ಷಿಸಿದ್ದರು. ನಲವತ್ತರಲ್ಲೇ ಕೆಲಸ ಬಿಡುವವರಿಗೆ 50 ವರ್ಷ ಬೇಕಾಗಬಹುದು. ಅಂಥವರು ಶೇ 3ಕ್ಕೆ, ಅಂದರೆ ಸುಮಾರು 33 ಪಟ್ಟಿಗೆ ಹೋಗಲಿ ಎಂಬುದು ನನ್ನ ಖಚಿತ ಸಲಹೆ. ನಮ್ಮ ಉದಾಹರಣೆಯಲ್ಲಿ ಅದು 46,200. ಸಾಲದ ಹಣ ಸೇರಿ 47,640. ಮೂಲ 1,440ನ್ನು 25ರಿಂದ ಗುಣಿಸಿದ್ದರೆ 36,000ಕ್ಕೇ ತೃಪ್ತಿಪಡುತ್ತಿದ್ದರು.

ವಯಸ್ಸು ಮತ್ತು ತಿಂಗಳ ಖರ್ಚನ್ನಷ್ಟೇ ಕೇಳಿ ಉತ್ತರ ಕೊಡುವ ಕ್ಯಾಲ್ಕುಲೇಟರುಗಳನ್ನು ನಂಬಬೇಡಿ; ಅವು ಬೆಲೆಯೇರಿಕೆ, ಪ್ರತಿಫಲಗಳ ದರವನ್ನು ತಾವೇ ಊಹಿಸಿರುತ್ತವೆ. ಹೂಡಿಕೆ ಯೋಜನೆ ಮಾರುವವರನ್ನು ಕಾಣುವ ಮೊದಲೇ ಈ ಲೆಕ್ಕ ಮುಗಿಸಿರಿ.

ಕೊನೆಗೆ, ಇರುವ ಆಸ್ತಿಯನ್ನು ಇದರೊಂದಿಗೆ ಹೋಲಿಸುವಾಗ ವಾಸದ ಮನೆಯನ್ನು ಸೇರಿಸಬೇಡಿ. ಮಾರದ ಹೊರತು ಅದರಿಂದ ದಿನದ ಖರ್ಚು ಹುಟ್ಟುವುದಿಲ್ಲ. ಮೊತ್ತ ಇಂದಿನ ಬೆಲೆಯದಾದ್ದರಿಂದ ವರ್ಷಕ್ಕೊಮ್ಮೆ ಹೊಸ ಖರ್ಚಿನೊಂದಿಗೆ ಮತ್ತೆ ಲೆಕ್ಕ ಹಾಕಿ.