ಡಾಲರ್ ಠೇವಣಿಯೋ ರೂಪಾಯಿ ಠೇವಣಿಯೋ: ಐದು ವರ್ಷದ ಲೆಕ್ಕ ಹಾಕುವ ಬಗೆ

ಅಮೆರಿಕದಲ್ಲಿ ದುಡಿಯುವ ಕನ್ನಡಿಗರೊಬ್ಬರ ಬಳಿ 10,000 ಡಾಲರ್ ಉಳಿತಾಯವಿದೆ ಎಂದುಕೊಳ್ಳೋಣ. ಅಲ್ಲಿನ ಬ್ಯಾಂಕು ಐದು ವರ್ಷಕ್ಕೆ ಶೇ 4ರ ಬಡ್ಡಿ ಕೊಡುತ್ತದೆ. ಅನಿವಾಸಿ ಭಾರತೀಯರಿಗೆಂದೇ ಭಾರತದ ಬ್ಯಾಂಕುಗಳಲ್ಲಿರುವ ಎನ್‌ಆರ್‌ಇ ರೂಪಾಯಿ ಠೇವಣಿಗೆ ಶೇ 7 ಸಿಗುತ್ತದೆ. ಡಾಲರ್ ಬೆಲೆ ಇಂದು 85 ರೂಪಾಯಿ. ಇವು ಉದಾಹರಣೆಯ ಅಂಕಿಗಳು; ನಿಮ್ಮ ಬ್ಯಾಂಕಿನ ದರಗಳನ್ನು ಇವುಗಳ ಜಾಗದಲ್ಲಿ ಹಾಕಿಕೊಳ್ಳಿ.

ಮೊದಲು ಎರಡೂ ಠೇವಣಿಗಳ ಅಂತಿಮ ಮೊತ್ತವನ್ನು ಆಯಾ ನಾಣ್ಯದಲ್ಲೇ ಕಂಡುಕೊಳ್ಳಬೇಕು. ವರ್ಷಕ್ಕೊಮ್ಮೆ ಬಡ್ಡಿ ಸೇರುವ ಡಾಲರ್ ಠೇವಣಿ 12,167 ಡಾಲರ್ ಆಗುತ್ತದೆ. ನಮ್ಮ ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುವುದರಿಂದ 8.5 ಲಕ್ಷ ರೂಪಾಯಿ ಸುಮಾರು 12,02,500 ರೂಪಾಯಿಗೆ ಬೆಳೆಯುತ್ತದೆ.

ಎರಡನೆಯ ಹೆಜ್ಜೆಯಲ್ಲಿ ಈ ರೂಪಾಯಿ ಮೊತ್ತವನ್ನು ಡಾಲರ್ ಮೊತ್ತದಿಂದ ಭಾಗಿಸಿದರೆ 98.84 ಬರುತ್ತದೆ; ಇದೇ ನಮ್ಮ ಗಡಿ ದರ. ಐದು ವರ್ಷದ ನಂತರ ಡಾಲರ್ ಇದಕ್ಕಿಂತ ಅಗ್ಗವಾಗಿದ್ದರೆ ರೂಪಾಯಿ ಠೇವಣಿ ಮೇಲು, ದುಬಾರಿಯಾಗಿದ್ದರೆ ಡಾಲರ್ ಠೇವಣಿ ಮೇಲು. ಡಾಲರ್ ವರ್ಷಕ್ಕೆ ಸರಾಸರಿ ಶೇ 3.06ರಷ್ಟು ಏರಿದರೆ ಈ ಮಟ್ಟ ಮುಟ್ಟುತ್ತದೆ. ಶೇ 7 ಮತ್ತು ಶೇ 4ರ ನಡುವಿನ ಮೂರರ ಅಂತರವೆಲ್ಲ ಲಾಭವೆಂದು ನಂಬುವವರು ಗಮನಿಸಬೇಕಾದದ್ದು ಇದನ್ನೇ.

ಹಾಗಾದರೆ ಎಷ್ಟು ಏರಿಕೆಯನ್ನು ನಿರೀಕ್ಷಿಸುವುದು? 2013ರ ಕೊನೆಗೆ ಸುಮಾರು 62 ರೂಪಾಯಿಯಿದ್ದ ಡಾಲರ್ 2018ರ ಕೊನೆಗೆ ಸುಮಾರು 70, 2023ರ ಕೊನೆಗೆ ಸುಮಾರು 83 ರೂಪಾಯಿ ಆಗಿತ್ತು. ಮೊದಲ ಐದು ವರ್ಷದಲ್ಲಿ ವಾರ್ಷಿಕ ಏರಿಕೆ ಶೇ 2.5ರ ಆಸುಪಾಸು, ಮುಂದಿನ ಐದರಲ್ಲಿ ಶೇ 3.5ರ ಆಸುಪಾಸು, ಅಂದರೆ ಒಂದು ಅವಧಿ ನಮ್ಮ ಗಡಿಯ ಕೆಳಗೆ, ಇನ್ನೊಂದು ಮೇಲೆ. ಆದ್ದರಿಂದ ಒಂದೇ ಅಂದಾಜಿಗೆ ಜೋತುಬೀಳದೆ 92, 98, 104 ಎಂಬ ಮೂರು ದರಗಳಲ್ಲಿ ಲೆಕ್ಕ ಹಾಕುವುದು ಒಳ್ಳೆಯದು. ರೂಪಾಯಿ ಠೇವಣಿ ಆಗ ಕ್ರಮವಾಗಿ ಸುಮಾರು 13,071, 12,270 ಮತ್ತು 11,563 ಡಾಲರ್ ಆಗುತ್ತದೆ.

ಮೂರನೆಯದು ಬಹಳ ಮಂದಿ ಬಿಟ್ಟುಬಿಡುವ ಹೆಜ್ಜೆ, ತೆರಿಗೆ. ಅನಿವಾಸಿಯಾಗಿರುವವರೆಗೆ ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ. ಆದರೆ ಅಮೆರಿಕವು ತನ್ನ ತೆರಿಗೆ ನಿವಾಸಿಗಳ ಜಾಗತಿಕ ಆದಾಯದ ಮೇಲೆ ತೆರಿಗೆ ಹಾಕುವುದರಿಂದ ಅಲ್ಲಿ ಈ ಬಡ್ಡಿಯನ್ನೂ ತೋರಿಸಬೇಕು. ಎರಡೂ ಬಡ್ಡಿಗಳ ಮೇಲೆ ಶೇ 24ರಷ್ಟು ತೆರಿಗೆ ಬಿದ್ದರೆ ಕೈಗುಳಿಯುವ ದರಗಳು ಶೇ 5.32 ಮತ್ತು ಶೇ 3.04ಕ್ಕೆ ಇಳಿಯುತ್ತವೆ. ದೊಡ್ಡ ಬಡ್ಡಿಯೇ ಹೆಚ್ಚು ಕಳೆದುಕೊಳ್ಳುವುದರಿಂದ ಗಡಿ ದರ 98.84ರಿಂದ ಸುಮಾರು 95.30ಕ್ಕೆ ಜಾರುತ್ತದೆ.

ಕೊನೆಗೆ ಹಣ ಬದಲಿಸುವ ವೆಚ್ಚ. ಬ್ಯಾಂಕು ಡಾಲರಿಗೆ ಪ್ರತಿ ಬಾರಿ 50 ಪೈಸೆ ಇಟ್ಟುಕೊಂಡರೆ, ಹೋಗಿ ಬರುವ ಎರಡು ಬದಲಾವಣೆಗಳಿಂದ ಗಡಿ ದರ ಮತ್ತೆ ಒಂದು ರೂಪಾಯಿಯಷ್ಟು ಕೆಳಗಿಳಿಯುತ್ತದೆ. ಊರಿಗೆ ಮರಳಿ ಮೈಸೂರಿನಲ್ಲಿ ಮನೆ ಕಟ್ಟುವ ಯೋಜನೆಯಿದ್ದವರಿಗೆ ಈ ಇಳಿಕೆ ಅನ್ವಯಿಸದು. ರೂಪಾಯಿಯನ್ನು ಅವರು ಡಾಲರಿಗೆ ಮರಳಿ ಬದಲಿಸಬೇಕಾಗಿಯೇ ಇಲ್ಲ, ಡಾಲರ್ ಠೇವಣಿಯಿಟ್ಟರೂ ಬದಲಾವಣೆ ಒಮ್ಮೆ ಮಾತ್ರ ನಡೆಯುತ್ತದೆ.