ಬೀಪ್ ಬೀಪ್ ಅಂದರೆ ಸಿದ್ಧರಾಗಿ, ವೂಪ್ ವೂಪ್ ಅಂದರೆ ಹೊರಡಿ: ಆಸ್ಟ್ರೇಲಿಯಾದ ಆಫೀಸಿನಲ್ಲಿ ತುರ್ತು ತೆರವು

ಆಸ್ಟ್ರೇಲಿಯಾದ ಎತ್ತರದ ಆಫೀಸ್ ಕಟ್ಟಡಗಳಲ್ಲಿ ಬೆಂಕಿಯ ಅಲಾರಂಗೆ ಎರಡು ದನಿ ಇರುತ್ತದೆ. ಮೊದಲನೆಯದು ಬಿಟ್ಟು ಬಿಟ್ಟು ಬರುವ ‘ಬೀಪ್ ಬೀಪ್’, ಅಂದರೆ ಎಚ್ಚರಿಕೆ. ಎರಡನೆಯದು ಏರುತ್ತಾ ಹೋಗುವ ‘ವೂಪ್ ವೂಪ್’. ಇದರ ನಡುವೆ ‘ಇವ್ಯಾಕ್ಯುಯೇಟ್ ನೌ’ ಎಂಬ ಧ್ವನಿಯೂ ಕೇಳುತ್ತದೆ. ಹೊಸದಾಗಿ ಬಂದವರು ಮೊದಲನೆಯದಕ್ಕೇ ಓಡುತ್ತಾರೆ, ಇಲ್ಲವೇ ಎರಡನೆಯದು ಬಂದರೂ ಮ್ಯಾನೇಜರ್ ಏಳಲಿ ಎಂದು ಕೂತಿರುತ್ತಾರೆ. ಎರಡೂ ತಪ್ಪು. ನಾನು ಮೆಲ್ಬರ್ನಿನ ಒಂದು ಕಟ್ಟಡದಲ್ಲಿ ಫ್ಲೋರ್ ವಾರ್ಡನ್, ಅಂದರೆ ತುರ್ತು ಹೊತ್ತಿನಲ್ಲಿ ಒಂದು ಮಹಡಿಯವರನ್ನು ಹೊರಗೆ ಕಳುಹಿಸುವ ಹೊಣೆ ಹೊತ್ತ ಸಿಬ್ಬಂದಿ. ಎಂಟನೇ ಮಹಡಿ ನನ್ನ ಜವಾಬ್ದಾರಿ.

ಇಲ್ಲಿನ ವ್ಯವಸ್ಥೆಗೆ ಆಧಾರ AS 3745 ಎಂಬ ಮಾನದಂಡ. ಅದರಲ್ಲಿ ನಮ್ಮವರು ಮೊದಲು ತಿಳಿಯಬೇಕಾದ ಮಾತು ಒಂದಿದೆ: ತುರ್ತು ಸಮಯದಲ್ಲಿ ವಾರ್ಡನ್ನರ ಮಾತು ಆಫೀಸಿನ ಎಲ್ಲ ಹುದ್ದೆಗಳಿಗಿಂತ ಮೇಲೆ. ಹೆಲ್ಮೆಟ್ ಅಥವಾ ಟೋಪಿ ಹಾಕಿಕೊಂಡವರು ನಿನ್ನೆ ಸೇರಿದ ಹುಡುಗಿಯಾಗಿರಬಹುದು, ಆದರೂ ಅವಳು ‘ಹೊರಡಿ’ ಎಂದರೆ ಡೈರೆಕ್ಟರೂ ಹೊರಡಬೇಕು. ಬಿಳಿ ಟೋಪಿ ಇಡೀ ಕಟ್ಟಡದ ಚೀಫ್ ವಾರ್ಡನ್‌ದು, ಹಳದಿ ಫ್ಲೋರ್ ವಾರ್ಡನ್‌ದು, ಕೆಂಪು ಉಳಿದ ವಾರ್ಡನ್ನರದು, ಹಸಿರು ಪ್ರಥಮ ಚಿಕಿತ್ಸೆಯವರದು.

ಸಿಬ್ಬಂದಿ ಮಾಡಬೇಕಾದದ್ದು

1. ಬೀಪ್ ಬೀಪ್ ಕೇಳಿದ ಕೂಡಲೇ ಕರೆ ಮುಗಿಸಿ ಎದ್ದು ನಿಲ್ಲಿ. ಕೈಗೆ ಸಿಗುವ ಫೋನ್, ಕೀಲಿ, ಮಾತ್ರೆ ಇಷ್ಟನ್ನು ತೆಗೆದುಕೊಳ್ಳಿ. ವಾರ್ಡನ್ ಹೇಳುವ ತನಕ ಹೊರಡಬೇಡಿ. ಎತ್ತರದ ಕಟ್ಟಡದಲ್ಲಿ ಮೊದಲು ಖಾಲಿಯಾಗಬೇಕಾದದ್ದು ಬೆಂಕಿ ಇರುವ ಮಹಡಿ, ಆಮೇಲೆ ಅದರ ಆಚೀಚೆಯವು. ಎಲ್ಲರೂ ಒಟ್ಟಿಗೆ ಮೆಟ್ಟಿಲಿಗೆ ಇಳಿದರೆ ಹೊಗೆಯ ನಡುವೆ ಇರುವವರಿಗೇ ಮೆಟ್ಟಿಲು ಸಿಗುವುದಿಲ್ಲ.

2. ಬೆಂಕಿ ಅಥವಾ ಹೊಗೆ ನಿಮ್ಮ ಕಣ್ಣಿಗೇ ಬಿದ್ದರೆ ಯಾವ ದನಿಗೂ ಕಾಯಬೇಡಿ. ಅಕ್ಕಪಕ್ಕದವರನ್ನು ಎಬ್ಬಿಸಿ, ಆ ಕೋಣೆಯ ಬಾಗಿಲು ಮುಚ್ಚಿ, ಗೋಡೆಯ ಕೆಂಪು ಪೆಟ್ಟಿಗೆಯನ್ನು ಒತ್ತಿ. ಸುರಕ್ಷಿತ ಜಾಗಕ್ಕೆ ಬಂದು 000 ಕ್ಕೆ ಕರೆ ಮಾಡಿ ‘ಫೈರ್’ ಎಂದು ಹೇಳಿ, ವಿಳಾಸ ಮತ್ತು ಮಹಡಿ ಕೊಡಿ. ಬಾಗಿಲ ಪಕ್ಕದ ಹಸಿರು ಪೆಟ್ಟಿಗೆ ಬೇರೆ. ಅದು ಕಾರ್ಡಿನ ಬಾಗಿಲಿನ ಬೀಗ ತೆಗೆಯುತ್ತದೆ, ಅಷ್ಟೇ. ಗಾಬರಿಯಲ್ಲಿ ಹಸಿರನ್ನು ಒತ್ತಿ ‘ಅಲಾರಂ ಕೊಟ್ಟೆ’ ಅಂದುಕೊಂಡವರಿದ್ದಾರೆ.

3. ವೂಪ್ ವೂಪ್ ಬಂದರೆ ವಾರ್ಡನ್ ತೋರಿಸಿದ ಬಾಗಿಲ ಕಡೆ ನಡೆಯಿರಿ. ಲಿಫ್ಟ್ ಬೇಡ. ಲ್ಯಾಪ್‌ಟಾಪ್ ಬೇಡ, ಕೈಯಲ್ಲಿ ಬಿಸಿ ಕಾಫಿ ಬೇಡ. ನಿಮ್ಮನ್ನು ಕಾಣಲು ಬಂದ ಅತಿಥಿ ನಿಮ್ಮ ಹೊಣೆ, ಅವರನ್ನು ಜೊತೆಯಲ್ಲೇ ಕರೆದೊಯ್ಯಿರಿ.

4. ಮೆಟ್ಟಿಲಲ್ಲಿ ಕಂಬಿ ಹಿಡಿದು ಸಾಲಾಗಿ ಇಳಿಯಿರಿ, ಫೋನ್ ಜೇಬಿನಲ್ಲಿರಲಿ. ಮೆಟ್ಟಿಲ ಒಳಗಿನಿಂದ ಎಷ್ಟೋ ಬಾಗಿಲುಗಳು ತೆರೆಯುವುದಿಲ್ಲ. ಮರೆತ ಜಾಕೆಟ್‌ಗೆ ಹಿಂದೆ ಹೋಗಲಾಗದು, ಕೆಳಗಿನ ತನಕ ಇಳಿಯಲೇಬೇಕು.

5. ಹೊರಗೆ ಎಲ್ಲರೂ ಸೇರುವ ಅಸೆಂಬ್ಲಿ ಏರಿಯಾದಲ್ಲಿ ನಿಮ್ಮ ತಂಡದ ಜೊತೆ ನಿಲ್ಲಿ. ಅಲ್ಲಿಂದ ಸುಮ್ಮನೆ ಮನೆಗೋ ಅಂಗಡಿಗೋ ಹೋದರೆ ನಿಮ್ಮನ್ನು ಹುಡುಕಿಕೊಂಡು ಅಗ್ನಿಶಾಮಕದವರು ಹೊಗೆಯೊಳಗೆ ಹೋಗಬೇಕಾಗಬಹುದು. ಯಾರಾದರೂ ಕಾಣದಿದ್ದರೆ ‘ಕೊನೆಯ ಸಲ ಎಲ್ಲಿ ನೋಡಿದೆ’ ಎಂಬುದನ್ನು ವಾರ್ಡನ್‌ಗೆ ತಿಳಿಸಿ.

6. ಅಲಾರಂ ನಿಂತಿತೆಂದು ಒಳಗೆ ಹೋಗಬೇಡಿ. ಪರಿಶೀಲನೆಗೆ ಬಂದವರೇ ಸದ್ದು ನಿಲ್ಲಿಸಿರಬಹುದು. ಅಗ್ನಿಶಾಮಕ ಅಧಿಕಾರಿ ಒಪ್ಪಿ, ಚೀಫ್ ವಾರ್ಡನ್ ಬಾಯಿಬಿಟ್ಟು ಹೇಳಿದ ಮೇಲೆಯೇ ವಾಪಸ್.

ವಾರ್ಡನ್ ಮಾಡಬೇಕಾದದ್ದು

1. ಬೀಪ್ ಶುರುವಾದೊಡನೆ ಟೋಪಿ ಹಾಕಿಕೊಂಡು ಮೆಟ್ಟಿಲ ಬಳಿಯ ವಿಪ್ ಫೋನ್ ಎತ್ತಿ. ಅದು ನೇರವಾಗಿ ಕೆಳಗಿನ ಅಲಾರಂ ಪ್ಯಾನೆಲ್ ಬಳಿ ನಿಂತಿರುವ ಚೀಫ್ ವಾರ್ಡನ್‌ಗೆ ಹೋಗುತ್ತದೆ. ಕೂಡಲೇ ಉತ್ತರ ಬರದಿರಬಹುದು, ಹತ್ತು ಮಹಡಿಯವರೂ ಅದೇ ಹೊತ್ತಿಗೆ ಎತ್ತಿರುತ್ತಾರೆ. ಕಾಯುತ್ತಾ ಉಳಿದ ವಾರ್ಡನ್ನರನ್ನು ಹೊಗೆ ನೋಡಲು ಕಳುಹಿಸಿ. ಹೊಗೆ ಕಂಡರೆ ಅಪ್ಪಣೆಗೆ ಕಾಯದೆ ಮಹಡಿ ಖಾಲಿ ಮಾಡಿಸಿ.

2. ತೆರವು ಶುರುವಾದರೆ ಒಬ್ಬರು ಮೆಟ್ಟಿಲ ಬಾಗಿಲಲ್ಲಿ ನಿಲ್ಲಲಿ. ಉಳಿದವರು ದೂರದ ಮೂಲೆಯಿಂದ ಬಾಗಿಲ ಕಡೆಗೆ ಗುಡಿಸಿದ ಹಾಗೆ ಬರಲಿ, ಹೀಗೆ ಬಂದರೆ ನೋಡಿದ ಜಾಗಕ್ಕೆ ಮತ್ತೆ ಹೋಗಬೇಕಾಗಿಲ್ಲ. ಬಾಗಿಲು ಮುಟ್ಟುವಾಗ ಅಂಗೈ ಬೇಡ, ಕೈಯ ಹಿಂಬದಿ ಇಡಿ. ಬಿಸಿಯಿದ್ದರೆ ತೆರೆಯಬೇಡಿ, ಫೋನಿನಲ್ಲಿ ತಿಳಿಸಿ. ಒಳಗೆ ಯಾರೂ ಇಲ್ಲದ ಕೋಣೆಯ ಬಾಗಿಲು ಮುಚ್ಚಿ, ಬೀಗ ಹಾಕಬೇಡಿ.

ಈ ಹುಡುಕಾಟದಲ್ಲೇ ಎಡವುವುದು. ಒಂದು ಬೆಳಗ್ಗೆ ಆರನೇ ಮಹಡಿಯ ಅಡುಗೆ ಕೋಣೆಯಲ್ಲಿ ಟೋಸ್ಟರ್ ಹೊಗೆಯಾಡಿ ನಮ್ಮ ಮಹಡಿಗೂ ತೆರವಿನ ದನಿ ಬಂತು. 46 ಜನ ಇದ್ದೆವು. ಮೂವರು ವಾರ್ಡನ್ನರಲ್ಲಿ ಒಬ್ಬರು ರಜೆಯಲ್ಲಿದ್ದರು, ಅವರ ಭಾಗವನ್ನು ಯಾರು ನೋಡಬೇಕೆಂದು ನಾನು ಹೇಳಿರಲಿಲ್ಲ. ಆ ಭಾಗದಲ್ಲೇ ಒಂದು ಗಾಜಿನ ಮೂಲೆಕೋಣೆ. ಅದರೊಳಗೆ ಹೆಡ್‌ಫೋನ್ ಹಾಕಿಕೊಂಡ ಹುಡುಗನೊಬ್ಬ ಕರೆಯಲ್ಲಿದ್ದ. ನಾನು ಹೊರಗಿನಿಂದ ಕೂಗಿ ಮುಂದೆ ಹೋಗಿಬಿಟ್ಟಿದ್ದೆ. ಬಾಗಿಲ ಬಳಿ ನಿಂತಿದ್ದ ಸಹೋದ್ಯೋಗಿ ‘ಅವನು ಇಳಿದಿಲ್ಲ’ ಎಂದ ಮೇಲೆ ವಾಪಸ್ ಹೋಗಿ ಭುಜ ಮುಟ್ಟಿ ಎಬ್ಬಿಸಿದೆ. ಕೂಗಿದರೆ ಸಾಲದು, ಬಾಗಿಲು ತೆರೆದು ಒಳಗೆ ನೋಡಬೇಕು. ಶೌಚಾಲಯದ ಪ್ರತಿ ಬಾಗಿಲನ್ನೂ ತಟ್ಟಬೇಕು.

3. ಬರಲು ಒಪ್ಪದವರಿಗೆ ಎರಡು ಸಲ ಸ್ಪಷ್ಟವಾಗಿ ಹೇಳಿ. ಆಮೇಲೆ ಜಗಳಕ್ಕೆ ನಿಲ್ಲಬೇಡಿ. ಹೆಸರು ಮತ್ತು ಜಾಗ ಗುರುತಿಟ್ಟುಕೊಂಡು ಚೀಫ್ ವಾರ್ಡನ್‌ಗೆ ತಿಳಿಸಿ ನೀವು ಇಳಿಯಿರಿ.

4. ಮೆಟ್ಟಿಲು ಇಳಿಯಲಾಗದವರಿಗೆ ‘ಪೀಪ್’ ಎಂಬ ವೈಯಕ್ತಿಕ ಯೋಜನೆ ಮೊದಲೇ ಬರೆದಿಟ್ಟಿರಬೇಕು. ಗಾಲಿಕುರ್ಚಿಯವರಿಗೆ ಮಾತ್ರವಲ್ಲ, ಮೊಣಕಾಲಿಗೆ ಆಪರೇಷನ್ ಆದವರಿಗೂ ತುಂಬು ಗರ್ಭಿಣಿಯರಿಗೂ ಇದು ಬೇಕು. ನಮ್ಮವರು ‘ಯಾರಿಗೂ ತೊಂದರೆ ಬೇಡ’ ಎಂದು ಹೇಳದೆ ಉಳಿಯುವುದನ್ನು ನಾನು ನೋಡಿದ್ದೇನೆ. ದಯವಿಟ್ಟು ಹೇಳಿ. ನಮ್ಮ ಮಹಡಿಯಲ್ಲಿ ಅಂಥವರು ಜನಸಂದಣಿ ಇಳಿದ ಮೇಲೆ ಮೆಟ್ಟಿಲಿನ ಅಗಲವಾದ ತಿರುವಿನಲ್ಲಿ, ಬಾಗಿಲು ಮುಚ್ಚಿಕೊಂಡು, ಒಬ್ಬರ ಜೊತೆ ಕಾಯುತ್ತಾರೆ. ಇಳಿಸುವ ಕುರ್ಚಿಯನ್ನು ತರಬೇತಿ ಆದವರು ಮಾತ್ರ ಮುಟ್ಟಬೇಕು.

5. ಇಳಿಯುವ ಮುನ್ನ ವಿಪ್ ಫೋನಿನಲ್ಲಿ ವರದಿ ಕೊಡಿ, ಆದಷ್ಟು ಚಿಕ್ಕದಾಗಿ. ಅಂದು ನಾನು ಹೇಳಿದ್ದು ಇಷ್ಟು: ‘ಎಂಟನೇ ಮಹಡಿ ಖಾಲಿ. ಪೂರ್ವದ ಮೆಟ್ಟಿಲಲ್ಲಿ ಇಬ್ಬರು, ಒಬ್ಬರಿಗೆ ಇಳಿಯಲಾಗದು. ಹೊಗೆ ಇಲ್ಲ.’ ನೋಡದ ಕೋಣೆ ಉಳಿದಿದ್ದರೆ ಅದನ್ನೂ ಹೇಳಲೇಬೇಕು. ‘ಖಾಲಿ ಇರಬೇಕು’ ಎಂಬ ಮಾತು ವರದಿಯಲ್ಲ. ಅಗ್ನಿಶಾಮಕದವರು ಬಂದು ಪ್ಯಾನೆಲ್ ಬಳಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಒಳಗೆ ಯಾರಾದರೂ ಉಳಿದಿದ್ದಾರಾ’ ಎಂಬುದೂ ಒಂದು, ಉತ್ತರಕ್ಕೆ ಚೀಫ್ ವಾರ್ಡನ್ ಬಳಿ ಇರುವುದು ನಮ್ಮ ವರದಿಗಳು ಮಾತ್ರ.

6. ಎಲ್ಲ ಮುಗಿದ ಮೇಲೆ ವಾರ್ಡನ್ನರು ಕೂತು ತಪ್ಪು ಬರೆದಿಡಬೇಕು. ನಮ್ಮ ಮಹಡಿಯಲ್ಲಿ ಈಗ ಪ್ರತಿ ಸೋಮವಾರ ಯಾರು ರಜೆ ಎಂದು ನೋಡಿ, ಅವರ ಭಾಗವನ್ನು ಇನ್ನೊಬ್ಬರ ಹೆಸರಿಗೆ ಬರೆಯುತ್ತೇವೆ. ಆ ಮೂಲೆಕೋಣೆಯ ಹೆಸರು ಹುಡುಕಾಟದ ಪಟ್ಟಿಯಲ್ಲಿ ಮೊದಲ ಸಾಲಿನಲ್ಲಿದೆ.